ಒಂದೇ ದೀಪಾವಳಿ, ಊರಿಗೊಂದು ಸೋಮವಾರ

ಮಲೇಷ್ಯಾದಲ್ಲಿ ದೀಪಾವಳಿಗೆ ಸರ್ಕಾರಿ ರಜೆ ಇದೆ. ಟಿಕೆಟ್ ತೆಗೆಸುವವರಿಗೆ ಅಷ್ಟು ತಿಳಿದರೆ ಸಾಲದು. ರಜೆ ಯಾವ ರಾಜ್ಯದಲ್ಲಿ, ಯಾವ ವಾರ ಎಂಬುದನ್ನೂ ನೋಡಬೇಕು.

2026ರ ದೀಪಾವಳಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಹಬ್ಬ ನವೆಂಬರ್ 8ರ ಭಾನುವಾರ. ತಮಿಳರ ರೂಢಿಯಂತೆ ನರಕ ಚತುರ್ದಶಿಯೇ ಅವರಿಗೆ ದೀಪಾವಳಿ. ನಮ್ಮ ಬಲಿಪಾಡ್ಯಮಿ ಬರುವ ಹೊತ್ತಿಗೆ ಅಲ್ಲಿ ಹಬ್ಬ ಮುಗಿದಿರುತ್ತದೆ. ಬೆಂಗಳೂರಿನಿಂದ ಯಾರೋ ಭಾನುವಾರ ಕೌಲಾಲಂಪುರಕ್ಕೆ ಹೋಗಿ, ನೆಂಟರ ಮನೆಯಲ್ಲಿ ಹಬ್ಬ ಮಾಡಿ, ಸೋಮವಾರ ಬ್ಯಾಂಕು, ಕಚೇರಿಯ ಕೆಲಸ ಮುಗಿಸೋಣ ಎಂದುಕೊಂಡರು ಅನ್ನಿ. ಆಗದು. ವಾರದ ರಜೆಯ ದಿನವೇ ಹಬ್ಬ ಬಂದದ್ದರಿಂದ ಅದರ ರಜೆ ಸೋಮವಾರಕ್ಕೆ ಜಾರುತ್ತದೆ.

ಅದೇ ಸೋಮವಾರ ಕೆಲಾಂತನ್ ರಾಜ್ಯದ ಕೋಟ ಭಾರುವಿನಲ್ಲಿ ಕಚೇರಿ ತೆರೆದಿರುತ್ತದೆ. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಮಾಮೂಲಿ ಕೆಲಸದ ದಿನವಾದ್ದರಿಂದ ಹಬ್ಬದ ರಜೆ ಆ ದಿನವೇ ಸಂದುಹೋಗುತ್ತದೆ. ಇನ್ನು ಬೋರ್ನಿಯೋ ದ್ವೀಪದ ಸಾರವಾಕ್ ರಾಜ್ಯಕ್ಕೆ ದೀಪಾವಳಿ ರಜೆಯೇ ಇಲ್ಲ. ಕುಚಿಂಗ್‌ನಲ್ಲಿ ಸೋಮವಾರ ಎಂದಿನ ಸೋಮವಾರ.

ಇದನ್ನು ತಿಳಿಯಲು ನಮ್ಮ ಗೋಡೆಯ ಪಂಚಾಂಗ ಸಾಲದು. ಅದು ತಿಥಿ ಹೇಳುತ್ತದೆ, ರಜೆ ಹೇಳುವುದು ಸರ್ಕಾರ. ಮಲೇಷ್ಯಾದ ಪ್ರಧಾನಿ ಕಾರ್ಯಾಲಯದ ಸಂಪುಟ ವಿಭಾಗ Hari Kelepasan Am ಎಂಬ ಹೆಸರಿನಲ್ಲಿ ವರ್ಷವರ್ಷವೂ ಪಟ್ಟಿ ಹೊರಡಿಸುತ್ತದೆ. ಅದರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ರಜೆಗಳು ಒಂದು ಕಡೆ, ರಾಜ್ಯಗಳದು ಇನ್ನೊಂದು ಕಡೆ. ಹಬ್ಬದ ಹೆಸರಿನ ಮುಂದೆ kecuali ಎಂದು ಕಂಡರೆ, ಅದರ ನಂತರ ಬರುವ ರಾಜ್ಯಕ್ಕೆ ಆ ರಜೆ ಅನ್ವಯಿಸುವುದಿಲ್ಲ. ಹೋಗುವ ಊರು ಯಾವ ರಾಜ್ಯಕ್ಕೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಂಡು ಈ ಪಟ್ಟಿ ಓದಬೇಕು.

ತೈಪೂಸಂನಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಬಾಟು ಗುಹೆಯ ಮೆಟ್ಟಿಲುಗಳಲ್ಲಿ ಕಾವಡಿ ಹೊತ್ತವರು ಕಿಕ್ಕಿರಿಯುವ ಆ ದಿನ ಸೆಲಂಗೋರ್, ಕೌಲಾಲಂಪುರ, ಪೆನಾಂಗ್, ಪೆರಾಕ್, ಜೊಹೊರ್‌ಗಳಲ್ಲಿ ರಜೆ ಉಂಟು, ಆದರೆ ದೇಶಕ್ಕೆಲ್ಲ ಇಲ್ಲ. ಪಕ್ಕದ ಸಿಂಗಪುರದಲ್ಲಿಯೂ ಭಕ್ತರು ಕಾವಡಿ ಹೊರುತ್ತಾರೆ. ರಜೆಯನ್ನು ಮಾತ್ರ ಸರ್ಕಾರ 1968ರಲ್ಲೇ ಪಟ್ಟಿಯಿಂದ ತೆಗೆದುಹಾಕಿದೆ. ಯುಗಾದಿ, ಗಣೇಶ ಚೌತಿಗಳಿಗೆ ಈ ಎರಡೂ ದೇಶಗಳಲ್ಲಿ ರಜೆ ಸಿಗದು.

ಖಾಸಗಿ ಕಂಪನಿಯವರನ್ನು ಕಾಣಬೇಕಿದ್ದರೆ ಪಟ್ಟಿ ನೋಡಿದ ಮೇಲೂ ಒಮ್ಮೆ ಕೇಳಿಬಿಡುವುದು ಕ್ಷೇಮ. ಪರ್ಯಾಯ ದ್ವೀಪದ ಕಡೆಯ ಮಲೇಷ್ಯಾದ ಕಾರ್ಮಿಕ ಕಾನೂನು ವರ್ಷಕ್ಕೆ 11 ಹಬ್ಬದ ರಜೆ ಕೊಡಲೇಬೇಕು ಎನ್ನುತ್ತದೆ. ಅವುಗಳಲ್ಲಿ ಐದನ್ನು ಮಾತ್ರ ಕಾನೂನೇ ಹೆಸರಿಸಿದೆ, ದೀಪಾವಳಿ ಆ ಐದರಲ್ಲಿಲ್ಲ. ಉಳಿದವನ್ನು ಮಾಲೀಕರು ಅಧಿಕೃತ ಪಟ್ಟಿಯಿಂದ ಆರಿಸಿಕೊಳ್ಳುತ್ತಾರೆ. ಹಾಗಾಗಿ ಬ್ಯಾಂಕು ಮುಚ್ಚಿದ ದಿನವೂ ಕೆಲವು ಕಾರ್ಖಾನೆಗಳು ನಡೆಯುತ್ತಿರಬಹುದು.