ತಾಯಿಯ ಮಾತು, ಎರಡು ಅಂಕ

ಕುಷ್ಟಗಿಯ ಕಡೆಯ ಯುವಕನೊಬ್ಬನು ಐದು ವರ್ಷಗಳಿಂದ ಸ್ಕಿಜೋಫ್ರೇನಿಯಾದಿಂದ ಬಳಲುತ್ತಿರುವನೆಂದು ಊಹಿಸೋಣ. ಪ್ರಮಾಣಪತ್ರ ನೀಡುವ ವೈದ್ಯಮಂಡಳಿಯು ರೋಗದ ಹೆಸರನ್ನಲ್ಲ, ಅದು ತಂದ ಅಶಕ್ತತೆಯನ್ನು ಅಳೆಯುವುದು. 'ಐಡಿಯಾಸ್' ಎಂಬ ಮಾನದಂಡದಲ್ಲಿ ಸ್ವಂತ ಆರೈಕೆ, ಜನರೊಡನೆ ಬಳಕೆ, ಮಾತು-ತಿಳಿವಳಿಕೆ, ದುಡಿಮೆ ಎಂಬ ನಾಲ್ಕಕ್ಕೂ 0ರಿಂದ 4ರವರೆಗೆ ಅಂಕಗಳುಂಟು. ರೋಗದ ಅವಧಿಗೆ ಬೇರೆ ಅಂಕ. ಒಟ್ಟು 7 ಆದರೆ, 2016ರ ಕಾಯಿದೆ ಕೇಳುವ ಶೇಕಡಾ 40 ಮುಟ್ಟಿದಂತೆ.

ಬಳಕೆಗೆ 1, ಮಾತಿಗೆ 1, ದುಡಿಮೆಗೆ 2, ಅವಧಿಗೆ 2, ಆರಾಯಿತು. "ಸ್ನಾನ ಮಾಡುವನೇ?" ಎಂದರೆ ತಾಯಿಯು "ಮಾಡ್ತಾನ್ರಿ" ಎನ್ನುವಳು, ಆರೈಕೆಗೆ ಸೊನ್ನೆ. ದಿನವೂ ತಾನು ಗದರಿಸಿ ನೀರಿಗೆ ಕಳಿಸುವುದನ್ನು ಮನೆಯ ಮಾನಕ್ಕಾಗಿ ನುಂಗುವಳು. ಚಿಕಿತ್ಸಕರ ಪತ್ರದಲ್ಲಿ ಅದು ಬಂದು 2 ಅಂಕ ದೊರೆತರೆ ಎಂಟಾಗುವುದು. ಆದಕಾರಣ ಗೃಹಸ್ಥರಿಗೆ ನಾವು ಹೇಳುವುದಿಷ್ಟೆ: ಯಾರೂ ಹೇಳದಿದ್ದರೆ ಆತನು ಏನು ಮಾಡನೋ ಅದನ್ನೇ ವೈದ್ಯರಿಗೆ ತಿಳಿಸಿರಿ.