ಹರಿದುಹಾಕಿದ ಎರಡನೇ ಉಯಿಲು

ಒಬ್ಬ ನಿವೃತ್ತ ಮೇಷ್ಟ್ರು 2012ರಲ್ಲಿ ಉಯಿಲು ಬರೆದು ನೋಂದಣಿ ಮಾಡಿಸಿದರು ಎಂದಿಟ್ಟುಕೊಳ್ಳಿ. ಎಲ್ಲವೂ ಸ್ವಯಾರ್ಜಿತ: ಮನೆ ದೊಡ್ಡ ಮಗನಿಗೆ, ಸೈಟು ಚಿಕ್ಕ ಮಗನಿಗೆ, ಬ್ಯಾಂಕಿನ ದುಡ್ಡು ಮಗಳಿಗೆ. ಹೆಂಡತಿ ಆಗಲೇ ತೀರಿಕೊಂಡಿದ್ದರು. ಕೆಲವು ವರ್ಷ ಕಳೆದ ಮೇಲೆ, ತಮ್ಮನ್ನು ನೋಡಿಕೊಳ್ಳುತ್ತಿರುವ ಮಗಳಿಗೇ ಸೈಟು ಸಿಗಲಿ ಅನ್ನಿಸಿತು. ಉಯಿಲಿನಲ್ಲಿದ್ದ ಚಿಕ್ಕ ಮಗನ ಹೆಸರಿಗೆ ಪೆನ್ನಿನಿಂದ ಗೀಟು ಹಾಕಿ, ಮೇಲೆ ಮಗಳ ಹೆಸರು ಬರೆದರು.

ಆ ತಿದ್ದುಪಡಿ ನಡೆಯುವುದಿಲ್ಲ. ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925ರ ಪ್ರಕಾರ ಉಯಿಲಿನಲ್ಲಿ ತಿದ್ದಿದ್ದಕ್ಕೂ ಉಯಿಲಿನಷ್ಟೇ ಶಾಸ್ತ್ರ ಬೇಕು. ತಿದ್ದಿದ ಜಾಗದ ಹತ್ತಿರ ಬರೆದವರೂ ಇಬ್ಬರು ಸಾಕ್ಷಿಗಳೂ ಸಹಿ ಹಾಕಬೇಕು. ಹಾಗಿಲ್ಲದಿದ್ದರೆ, ಗೀಟಿನ ಕೆಳಗಿನ ಹೆಸರು ಓದಲು ಬರುವವರೆಗೂ ಸೈಟು ಚಿಕ್ಕ ಮಗನದೇ.

ಒಂದೇ ಆಸ್ತಿಯ ವಿಷಯವಾದ್ದರಿಂದ ಅವರಿಗೆ ಕಾಡಿಸಿಲ್, ಅಂದರೆ ಪೂರಕ ಉಯಿಲು ಸಾಕಿತ್ತು. ಮೂಲ ಉಯಿಲಿನ ದಿನಾಂಕ, ನೋಂದಣಿ ಸಂಖ್ಯೆ ಹೇಳಿ, ಸೈಟಿನ ಅಂಶವನ್ನಷ್ಟೇ ಬದಲಿಸಿ, ಉಳಿದದ್ದು ಹಾಗೆಯೇ ಇರಲಿ ಎಂದು ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸುವುದು. ಅದು ಮೂಲ ಉಯಿಲಿನ ಭಾಗವೇ ಆಗುತ್ತದೆ. ಎರಡು ಮೂರು ಸಲ ಬದಲಾಯಿಸಬೇಕಾಗಿ ಬಂದರೆ ಹೊಸ ಉಯಿಲು ಬರೆಯುವುದೇ ಮೇಲು.

ಮೇಷ್ಟ್ರು ಹೊಸ ಉಯಿಲನ್ನೇ ಬರೆದರು ಎನ್ನೋಣ. "ಈ ಹಿಂದಿನ ಎಲ್ಲ ಉಯಿಲುಗಳನ್ನೂ ರದ್ದುಪಡಿಸಿದ್ದೇನೆ" ಎಂಬ ಸಾಲೂ ಅದರಲ್ಲಿತ್ತು. ಈ ಸಾಲು ಮುಖ್ಯ. ಅದಿಲ್ಲದಿದ್ದರೆ ಹೊಸದಕ್ಕೆ ವಿರುದ್ಧವಾದ ಅಂಶಗಳಷ್ಟೇ ಬಿದ್ದುಹೋಗಿ, ಹಳೆಯದರ ಉಳಿದ ಭಾಗ ಜೀವಂತ ಇರುತ್ತದೆ. ಆಗ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಬೇಕು. ವ್ಯಾಜ್ಯ ಹುಟ್ಟುವುದು ಅಲ್ಲೇ.

ಮುಂದೆ ಚಿಕ್ಕ ಮಗ ಬಂದು ರಾಜಿಯಾದ. ಮೇಷ್ಟ್ರು ಸಂತೋಷದಿಂದ ಎರಡನೇ ಉಯಿಲನ್ನು ಹರಿದು ಒಲೆಗೆ ಹಾಕಿದರು. ರದ್ದುಮಾಡುವ ಉದ್ದೇಶದಿಂದ ತಾವೇ ಹರಿದದ್ದರಿಂದ ಅದು ರದ್ದಾಯಿತು, ಸರಿ. ಆದರೆ 2012ರದು ತಾನಾಗಿ ಮರಳಿ ಬರುತ್ತದೆ ಎಂದು ಅವರು ನಂಬಿದ್ದರಲ್ಲ, ಅದು ತಪ್ಪು. ಒಮ್ಮೆ ರದ್ದಾದ ಉಯಿಲಿಗೆ ಜೀವ ಬರಬೇಕಾದರೆ ಅದನ್ನು ಸಾಕ್ಷಿಗಳ ಮುಂದೆ ಮತ್ತೆ ಬರೆದುಕೊಡಬೇಕು, ಇಲ್ಲವೇ ಆ ಉದ್ದೇಶ ತೋರಿಸುವ ಕಾಡಿಸಿಲ್ ಬೇಕು. ಎರಡೂ ಇಲ್ಲದೆ ಅವರು ತೀರಿಕೊಂಡರೆ ಉಯಿಲೇ ಇಲ್ಲವೆಂದಾಗುತ್ತದೆ. ಮೇಷ್ಟ್ರು ಹಿಂದೂ ಆಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮನೆ, ಸೈಟು, ದುಡ್ಡು ಪ್ರತಿಯೊಂದರಲ್ಲೂ ಮೂವರಿಗೆ ಮೂರರಲ್ಲೊಂದು ಪಾಲು.

"ಮೊದಲನೆಯದು ರಿಜಿಸ್ಟರ್ ಆಗಿದೆಯಲ್ಲ" ಎಂದು ದೊಡ್ಡ ಮಗ ವಾದಿಸಬಹುದು. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ನೋಂದಣಿಯಾದ ಉಯಿಲನ್ನು ನೋಂದಣಿಯಾಗದ ಉಯಿಲೂ ರದ್ದುಮಾಡಬಲ್ಲದು. ಆದರೆ ಒಲೆಗೆ ಹೋದ ಉಯಿಲು ಸರಿಯಾಗಿಯೇ ಬರೆಯಲ್ಪಟ್ಟಿತ್ತೆಂದು ತೋರಿಸಲು ಆ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರಾದರೂ ಬದುಕಿದ್ದು ಕೋರ್ಟಿಗೆ ಬಂದು ಹೇಳಿದರೆ ಅನುಕೂಲ.