ದುಂಡು ಮೈಮೇಲೆ ಉಬ್ಬಕ್ಷರ

ತ್ರೀಡಿ ಪ್ರಿಂಟರ್‌ನಲ್ಲಿ ಪೆನ್ ಸ್ಟ್ಯಾಂಡ್ ಮಾಡಿ, ಅದರ ಮೇಲೆ ಶಾಲೆಯ ಹೆಸರನ್ನು ಉಬ್ಬಿಸಬೇಕಾಗಿದೆ ಎನ್ನೋಣ. ಸ್ಟ್ಯಾಂಡ್‌ನ ವ್ಯಾಸ 80 ಮಿ.ಮೀ., ಬರಹದ ಅಗಲ 60 ಮಿ.ಮೀ. ಹೆಸರನ್ನು ಸಮತಟ್ಟಾದ ಹಲಗೆಯಂತೆ ತಂದು ನಡುವಿನ ಅಕ್ಷರವನ್ನು ಮೈಗೆ ತಾಗಿಸಿದರೆ, ಎರಡೂ ತುದಿಯ ಅಕ್ಷರಗಳು ಮೈಯಿಂದ 13 ಮಿ.ಮೀ.ಗೂ ಹೆಚ್ಚು ದೂರ ಉಳಿಯುತ್ತವೆ. ಹೋಗಲಿ ಎಂದು ಮುಂದಿನಿಂದ ನೇರವಾಗಿ ಒತ್ತಿದರೆ ಮೈಗೇನೋ ತಾಗುತ್ತವೆ, ಆದರೆ ಅಂಚಿಗೆ ಹೋದಂತೆ ಒಂದೂವರೆ ಪಟ್ಟು ಅಗಲಕ್ಕೆ ಹಿಗ್ಗುತ್ತವೆ. ಹಾಗಾಗಿ ಬರಹವನ್ನು ಒತ್ತಬಾರದು, ಸುತ್ತಬೇಕು. Fusion ತಂತ್ರಾಂಶದ Emboss ಆಯ್ಕೆ ಈ ಕೆಲಸ ಮಾಡುತ್ತದೆ. ಚೆಂಡಿನಂಥ ಮೈಗೆ ಮಾತ್ರ ಯಾವ ಚಿತ್ರವೂ ಹಿಗ್ಗದೆ ಕುಗ್ಗದೆ ಕೂರುವುದಿಲ್ಲ. ಅಲ್ಲಿ ಲೋಗೋ ಚಿಕ್ಕದಾಗಿದ್ದಷ್ಟೂ ಒಳ್ಳೆಯದು.

ಪರದೆಯ ಮೇಲೆ ಚೆನ್ನಾಗಿ ಕಂಡದ್ದೆಲ್ಲ ಪ್ರಿಂಟ್ ಆಗುತ್ತದೆ ಎನ್ನುವಂತಿಲ್ಲ. ಸ್ಟ್ಯಾಂಡ್ ನಿಂತ ಭಂಗಿಯಲ್ಲೇ, ಕೆಳಗಿನಿಂದ ಮೇಲಕ್ಕೆ ಪದರ ಪದರವಾಗಿ ಏಳುತ್ತದೆ. ಪ್ರತಿ ಅಕ್ಷರದ ತಳ ಗೋಡೆಯಿಂದ ಹೊರಚಾಚಿ ಗಾಳಿಯಲ್ಲಿ ಶುರುವಾಗುತ್ತದೆ. ಸಾಮಾನ್ಯ ನಾಜಲ್ ಎಳೆಯುವ ಗೆರೆಯ ದಪ್ಪ ಸುಮಾರು 0.4 ಮಿ.ಮೀ. ಉಬ್ಬು ಅಷ್ಟರೊಳಗೇ ಇದ್ದರೆ ಆ ಒಂದು ಗೆರೆ ಪಕ್ಕದ ಗೋಡೆಗೆ ಅಂಟಿಕೊಂಡು ಹೇಗೋ ನಿಲ್ಲುತ್ತದೆ. 1.5 ಮಿ.ಮೀ. ಉಬ್ಬಿಸಿದರೆ ಹೊರಗಿನ ಗೆರೆಗಳಿಗೆ ಹಿಡಿತವೇ ಇರುವುದಿಲ್ಲ. ಅಕ್ಷರದ ತಳದಲ್ಲಿ ಪ್ಲಾಸ್ಟಿಕ್ ಎಳೆಗಳು ಜೋತು ಬೀಳುತ್ತವೆ. ಸಪೋರ್ಟ್ ಕೊಟ್ಟರೆ ಅದನ್ನು ಕೀಳುವಾಗ ಅಕ್ಷರಕ್ಕೇ ಗಾಯ. ಉಬ್ಬು ಹೆಚ್ಚು ಬೇಕೇಬೇಕು ಎಂದರೆ ತಳದ ಅಂಚನ್ನು 45 ಡಿಗ್ರಿ ಓರೆ ಮಾಡಿ. ಆಗ 0.2 ಮಿ.ಮೀ.ನ ಪ್ರತಿ ಪದರವೂ ಕೆಳಗಿನದಕ್ಕಿಂತ 0.2 ಮಿ.ಮೀ. ಮಾತ್ರ ಮುಂದೆ ಬರುತ್ತದೆ, ಯಾವುದೂ ಜೋಲುವುದಿಲ್ಲ.

ಕನ್ನಡ ಲಿಪಿಗೆ ಇನ್ನೂ ಸ್ವಲ್ಪ ಎಚ್ಚರ ಬೇಕು. ತಲೆಕಟ್ಟಿನ ಅಡಿಭಾಗ ಉದ್ದಕ್ಕೂ ಅಡ್ಡಗೆರೆಯಾದ್ದರಿಂದ ಜೋಲುವುದು ಮೊದಲು ಅಲ್ಲೇ. ತಲೆಕಟ್ಟಿಗೂ ಕೆಳಗಿನ ಸುಳಿಗೂ ನಡುವೆ 0.4 ಮಿ.ಮೀ. ಸಂದು ಬಿಟ್ಟರೆ ಅದು ಎರಡೇ ಪದರದಷ್ಟು. ಸ್ವಲ್ಪ ಜೋತರೂ ಮುಚ್ಚಿಹೋಗುತ್ತದೆ. 1 ಮಿ.ಮೀ. ಸಂದು ಇರಲಿ. ಒತ್ತಕ್ಷರಗಳು, ‘ಠ’ದ ಒಳಗಿನ ಚುಕ್ಕಿ ಇವುಗಳ ಗೆರೆ ಕನಿಷ್ಠ 0.8 ಮಿ.ಮೀ. ಇರಬೇಕು. ತೆಳ್ಳನೆಯ ಗೆರೆಗಳನ್ನು ಸ್ಲೈಸರ್ ಸದ್ದಿಲ್ಲದೆ ಕೈಬಿಡುವುದುಂಟು. ಇದಕ್ಕಾಗಿಯೇ ದಪ್ಪ ಫಾಂಟ್ ಆರಿಸಿ, ಅಕ್ಷರವನ್ನು 12 ಮಿ.ಮೀ.ಗಿಂತ ಕಿರಿದು ಮಾಡಬೇಡಿ.

ಬಿಡಿಯಾಗಿ ಮಾಡಿದ ಲೋಗೋವನ್ನು ತಂದು ಕೂರಿಸುವುದಾದರೆ ಅದರ ಬೆನ್ನು ಗೋಡೆಯೊಳಗೆ ಅರ್ಧ ಮಿ.ಮೀ. ಹುದುಗಿರಬೇಕು. ಬರಿದೆ ತಾಗಿಸಿಟ್ಟರೆ ಕೂದಲೆಳೆಯ ಬಿರುಕು ಉಳಿದು, ಉಗುರು ತಗುಲಿದರೂ ಕಿತ್ತು ಬರುತ್ತದೆ.

ಸ್ಲೈಸರ್‌ನ ಪ್ರಿವ್ಯೂನಲ್ಲಿ ಪದರಗಳನ್ನು ಒಂದೊಂದಾಗಿ ಸರಿಸಿ ನೋಡಿದರೆ ಕಾಣೆಯಾದ ಚುಕ್ಕಿ, ಗಾಳಿಯಲ್ಲಿ ಶುರುವಾದ ಗೆರೆ ಎರಡೂ ಕಣ್ಣಿಗೆ ಬೀಳುತ್ತವೆ. ಆಮೇಲೆ ಬರಹವಿರುವ ಪಟ್ಟಿಯನ್ನಷ್ಟೇ ಕತ್ತರಿಸಿಕೊಂಡು ಮೊದಲು ಪ್ರಿಂಟ್ ಮಾಡಿ ನೋಡಿ. ಇಡೀ ಸ್ಟ್ಯಾಂಡಿಗೆ ಕೈಹಾಕುವುದು ಅದು ಸರಿಬಂದ ಮೇಲೆ.